ನನ್ನ ಮೂರು ಪಗಾರಗಳು

ಗೋಕಾಕದ ಬಸ್ ನಿಲ್ದಾಣದಿಂದ ಸ್ವಲ್ಪ ದೂರ, ಒಂದು ಕರದಂಟಿನ ಅಂಗಡಿಯ ಮೇಲಿನ ಮಹಡಿಯಲ್ಲಿ ಆ ಕಚೇರಿ ಇತ್ತು. ಕಂಪನಿಗಳಿಗೆ ಜನರನ್ನು ಹುಡುಕಿಕೊಡುವುದು ಅವರ ಕೆಲಸ. ಕೆಳಗೆ ತುಪ್ಪದಲ್ಲಿ ಅಂಟು ಕರಿಯುವ ವಾಸನೆ ಮೇಲಿನವರೆಗೂ ಬರುತ್ತಿತ್ತು. ನನ್ನ ಮುಂದೆ ಕುಳಿತಿದ್ದವರಿಗೆ ನಲವತ್ತರ ಆಸುಪಾಸು ವಯಸ್ಸು, ಮಾತಿನಲ್ಲಿ ಬಹಳ ವಿನಯ. ಕಂಪ್ಯೂಟರಿನಲ್ಲಿ ನನ್ನ ಹೆಸರು ಟೈಪ್ ಮಾಡಿದರು, ಊರು ಮೂಡಲಗಿ ಎಂದು ಟೈಪ್ ಮಾಡಿದರು, ತಲೆ ಎತ್ತದೆ ಕೇಳಿದರು:

"ಈಗಿನ ಪಗಾರ ಎಷ್ಟರಿ, ಮೇಡಮ್?"

ಏನು ಓದಿದ್ದೇನೆ ಎಂದು ಇನ್ನೂ ಕೇಳಿರಲಿಲ್ಲ. ಏನು ಕೆಲಸ ಮಾಡುತ್ತೇನೆ ಎಂದೂ ಕೇಳಿರಲಿಲ್ಲ.

ಆಗ ನನಗೆ ಇಪ್ಪತ್ತೊಂಬತ್ತು. ಬಿಎಸ್ಸಿ ಮುಗಿಸಿ ಆರು ವರ್ಷದಿಂದ ಒಂದು ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ ಕೆಮಿಸ್ಟ್ ಆಗಿದ್ದೆ. ಕಬ್ಬಿನ ರಸದಿಂದ ಹಿಡಿದು ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯವರೆಗೆ ಯಾವುದರಲ್ಲಿ ಎಷ್ಟು ಸಕ್ಕರೆ ಇದೆ ಎಂದು ಅಳೆಯುವುದು ನನ್ನ ಕೆಲಸ. ಹುಕ್ಕೇರಿ ತಾಲೂಕಿನಲ್ಲಿ, ಯಮಕನಮರಡಿಯ ಹತ್ತಿರ, ಕಾಕಂಬಿಯಿಂದ ಎಥೆನಾಲ್ ತಯಾರಿಸುವ ಘಟಕದ ಲ್ಯಾಬಿಗೆ ಜನ ಬೇಕಾಗಿದ್ದಾರೆ ಎಂದು ಗೊತ್ತಾಗಿ ಬಂದಿದ್ದೆ. ಅಲ್ಲಿ ವರ್ಷವಿಡೀ ಕೆಲಸ. ನನಗೆ ಬೇಕಾಗಿದ್ದದ್ದು ಅದೇ.

ಪ್ರಶ್ನೆಗೆ ಉತ್ತರ ಕೊಡುವುದು ಕಷ್ಟವಾಗಿತ್ತು, ಏಕೆಂದರೆ ನನಗೆ ಮೂರು ಪಗಾರಗಳಿದ್ದವು. ಕಬ್ಬು ನುರಿಸುವ ಆರು ತಿಂಗಳು, ಅಂದರೆ ಸೀಜನ್ ಇದ್ದಾಗ, ಇಪ್ಪತ್ತೆರಡು ಸಾವಿರ. ಸೀಜನ್ ಮುಗಿದ ಮೇಲೆ ನಮ್ಮನ್ನು ಮನೆಗೆ ಕಳಿಸುತ್ತಾರೆ. ಮುಂದಿನ ಸೀಜನ್ನಿಗೆ ಬೇರೆ ಕಡೆ ಹೋಗದಿರಲಿ ಎಂದು ಅರ್ಧ ಪಗಾರ ಕೊಡುತ್ತಾರೆ, ಹನ್ನೊಂದು ಸಾವಿರ. ಎರಡನ್ನೂ ಕೂಡಿಸಿ ಹನ್ನೆರಡು ತಿಂಗಳಿಗೆ ಹಂಚಿದರೆ ತಿಂಗಳಿಗೆ ಹದಿನಾರೂವರೆ ಸಾವಿರ. ಮೂರೂ ಖರೇ. ನಾನು ಆ ಕುರ್ಚಿಯಲ್ಲಿ ಕುಳಿತಿದ್ದು ಆಗಸ್ಟ್ ತಿಂಗಳಲ್ಲಿ. "ಈಗಿನ" ಎಂದರೆ ಹನ್ನೊಂದು.

"ಅದನ್ನ ಯಾಕ ಕೇಳ್ತೀರಿ?" ಎಂದೆ. ಜಗಳಕ್ಕೆ ಕೇಳಿದ್ದಲ್ಲ. ಯಾರಾದರೂ ಏನಾದರೂ ಕೇಳಿದರೆ ಅದು ಅವರಿಗೆ ಯಾಕೆ ಬೇಕು ಎಂದು ತಿಳಿದುಕೊಳ್ಳುವ ಚಟ ನನಗೆ ಸಣ್ಣವಳಿದ್ದಾಗಿನಿಂದ ಇದೆ. ಈ ಚಟಕ್ಕೆ ಸಾಲಿಯಲ್ಲಿ ಮಾಸ್ತರರಿಂದ ಪೆಟ್ಟೂ ತಿಂದಿದ್ದೇನೆ.

"ಕಂಪನಿಯವರು ಕೇಳ್ತಾರ್ರಿ. ಅದ ಇಲ್ಲಂದ್ರ ಫಾರ್ಮ್ ಹೊಳ್ಳಿ ಕಳಿಸ್ತಾರ."

"ಕೇಳಿ ಏನ ಮಾಡ್ತಾರ?"

"ಅದರ ಮ್ಯಾಲ ಇಪ್ಪತ್ತೋ ಮೂವತ್ತೋ ಪರ್ಸೆಂಟ್ ಹಾಕಿ ಕೊಡ್ತಾರ್ರಿ. ಎಲ್ಲಾ ಕಡೆ ಹಂಗ."

"ನೀವು ನನಗ ಹೆಚ್ಚ ಕೊಡಿಸಿದ್ರ ನಿಮಗೇನ ಸಿಗತೈತ್ರಿ?"

ಈ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿರಲಿಲ್ಲವೆಂದು ಕಾಣುತ್ತದೆ. ಮೊದಲು ನಕ್ಕರು, ಆಮೇಲೆ ನಿಜವನ್ನೇ ಹೇಳಿದರು. ನನ್ನಿಂದ ಅವರು ದುಡ್ಡು ತೆಗೆದುಕೊಳ್ಳುವುದಿಲ್ಲ. ಸೇರಿದವರು ಮೂರು ತಿಂಗಳು ನಿಂತರೆ ಕಂಪನಿಯೇ ಅವರಿಗೆ ಒಂದು ತಿಂಗಳ ಪಗಾರದಷ್ಟು ಕೊಡುತ್ತದೆ.

"ಹಂಗಾದ್ರ ನನಗ ಹೆಚ್ಚ ಸಿಕ್ಕಷ್ಟ ನಿಮಗೂ ಛಲೋ ಅಲ್ಲೇನ್ರಿ?"

"ನಿಮಗ ಎರಡ ಸಾವಿರ ಹೆಚ್ಚ ಸಿಕ್ರ ನನಗೂ ಎರಡ ಸಾವಿರ ಹೆಚ್ಚ, ಅದೂ ಒಂದ ಸಲ. ಕಂಪನಿಯವರು ಸಿಟ್ಟಾದ್ರ ಮುಂದ ಹತ್ತ ಮಂದಿ ಕೆಲಸ ನನ್ನ ಕೈಯಿಂದ ಹೋಗತೈತಿ. ನೀವ ಲೆಕ್ಕಾ ಹಾಕ್ರಿ."

ಲೆಕ್ಕ ಹಾಕಿದೆ. ಮನುಷ್ಯ ಕೆಟ್ಟವನಲ್ಲ, ಆದರೆ ನನ್ನ ಕಡೆಯವನೂ ಅಲ್ಲ ಎಂದು ತಿಳಿಯಿತು. ಮನಸ್ಸಿಗೆ ಒಂಥರಾ ಸಮಾಧಾನವೇ ಆಯಿತು. ಎದುರಿಗಿರುವವರು ಎಲ್ಲಿ ನಿಂತಿದ್ದಾರೆ ಎಂದು ಗೊತ್ತಾದರೆ ಮಾತಾಡುವುದು ಸುಲಭ. "ನನಗ ಬೇಕಾದ ಪಗಾರ ಹೇಳ್ತೇನಿ, ಮೂವತ್ನಾಲ್ಕು ಸಾವಿರ. ಈಗಿಂದು ಆಮ್ಯಾಲ ನೋಡೋಣ" ಎಂದೆ. ಅವರು ತಲೆ ಅಲ್ಲಾಡಿಸಿದರು, ಆ ಜಾಗವನ್ನು ಖಾಲಿ ಬಿಟ್ಟರು. ನನ್ನ ಫೋನ್ ಹತ್ತದಿದ್ದರೆ ಇರಲಿ ಎಂದು ಇನ್ನೊಂದು ನಂಬರು ಕೇಳಿದರು. ಅವ್ವನದು ಕೊಟ್ಟು ಬಂದೆ.

ಮೂವತ್ನಾಲ್ಕು ಎಂದು ಗಾಳಿಯಲ್ಲಿ ಹೇಳಿದ್ದಲ್ಲ. ಅದಕ್ಕೆ ಎರಡು ದಿನ ಮೊದಲು ನಮ್ಮ ಲ್ಯಾಬಿನ ಹಿರಿಯ ಕೆಮಿಸ್ಟರ ಮನೆಗೆ ಹೋಗಿದ್ದೆ. ಅರಭಾವಿಯಲ್ಲಿ ಅವರ ಮನೆ. ಎಥೆನಾಲ್ ಘಟಕಗಳಲ್ಲಿ ಶಿಫ್ಟ್ ಕೆಮಿಸ್ಟರಿಗೆ ಏನು ಕೊಡುತ್ತಾರೆ ಎಂದು ಅವರು ನನ್ನ ಮುಂದೆಯೇ ಇಬ್ಬರಿಗೆ ಫೋನ್ ಮಾಡಿ ಕೇಳಿದರು. ಒಬ್ಬರು ಮೂವತ್ತು ಎಂದರು, ಇನ್ನೊಬ್ಬರು ಮೂವತ್ತಾರು. ಫೋನ್ ಇಟ್ಟು ಅವರು ತಮ್ಮ ಕಥೆ ಹೇಳಿದರು. ಹನ್ನೊಂದು ವರ್ಷದ ಹಿಂದೆ ಇನ್ನೊಂದು ಸಕ್ಕರೆ ಕಾರ್ಖಾನೆ ಬಿಟ್ಟು ನಮ್ಮ ಕಾರ್ಖಾನೆಗೆ ಬರುವಾಗ ಅದೂ ಸೀಜನ್ ಇಲ್ಲದ ಕಾಲ. ಹಿಂದಿನ ಮೂರು ತಿಂಗಳ ಪಗಾರದ ಚೀಟಿ ತನ್ನಿ ಎಂದರಂತೆ, ಇವರು ಅರ್ಧ ಪಗಾರದ ಚೀಟಿಗಳನ್ನೇ ಒಯ್ದುಕೊಟ್ಟರಂತೆ.

"ಅದರ ಮ್ಯಾಲ ಕೂಡಿಸಿದ್ರು. ವರ್ಷಾ ವರ್ಷಾ ಹೆಚ್ಚ ಮಾಡೂದೂ ಅದರ ಮ್ಯಾಲ. ಇನ್ನೂ ನಾ ಅದನ್ನ ದಾಟಾಕತ್ತೇನಿ ನೋಡವಾ" ಎಂದು ಕಪ್ಪಿನ ಚಹಾ ಬಸಿಗೆ ಹೊಯ್ದುಕೊಂಡರು.

ಲ್ಯಾಬಿನಲ್ಲಿ ನನಗೆ ಎಲ್ಲವನ್ನೂ ಕಲಿಸಿದವರು ಅವರು. ನನಗಿಂತ ಹದಿನೈದು ವರ್ಷ ಹೆಚ್ಚಿನ ಅನುಭವ, ಪಗಾರ ಮಾತ್ರ ನನಗಿಂತ ನಾಲ್ಕು ಸಾವಿರ ಹೆಚ್ಚು. ಮೊದಲು ಹೇಳಿದ ಒಂದು ಅಂಕಿ ಮನುಷ್ಯನನ್ನು ಇಷ್ಟು ವರ್ಷ ಹಿಡಿದಿಟ್ಟುಕೊಳ್ಳುತ್ತದೆಯೇ ಎಂದು ಬಸ್ಸಿನಲ್ಲಿ ಮೂಡಲಗಿ ಬರುವವರೆಗೂ ಅದನ್ನೇ ಯೋಚಿಸುತ್ತಿದ್ದೆ.

ಇಲ್ಲಿ ನಮ್ಮ ಕಡೆಯ ಒಂದು ರೂಢಿ ಹೇಳಬೇಕು. ನಮ್ಮಲ್ಲಿ ಪಗಾರ ಕೇಳುವುದಕ್ಕೆ ಯಾರೂ ಸಂಕೋಚಪಡುವುದಿಲ್ಲ. ಬಸ್ಸಿನಲ್ಲಿ ಪಕ್ಕದ ಸೀಟಿನ ಕಾಕಾ ನಿಲ್ದಾಣ ದಾಟುವ ಮೊದಲೇ ಊರು, ಮನೆಮಂದಿ, ಪಗಾರ ಮೂರನ್ನೂ ಕೇಳಿ ಮುಗಿಸುತ್ತಾರೆ. ಕೇಳಿದ್ದಕ್ಕೆ ಸುಮ್ಮನಿದ್ದರೆ ಸೊಕ್ಕು ಎನ್ನುತ್ತಾರೆ. ಹಾಗಾಗಿ ಎಲ್ಲರೂ ಹೇಳುತ್ತಾರೆ, ಆದರೆ ಕೇಳಿದವರನ್ನು ನೋಡಿ ಹೇಳುತ್ತಾರೆ. ನಮ್ಮ ಅವ್ವ ಈ ವಿದ್ಯೆಯಲ್ಲಿ ಪಳಗಿದವಳು. ಸಾಲಿಯಲ್ಲಿ ಬಿಸಿಯೂಟ ಮಾಡುತ್ತಾಳೆ, ಓದಿದ್ದು ಮೂರನೇ ಇಯತ್ತೆಯವರೆಗೆ. ಕೈಗಡ ಕೇಳುವ ಮಂದಿ ಬಂದರೆ ನನ್ನ ಪಗಾರ ಎಂಟು ಸಾವಿರ. ಅದೂ ಸರಿಯಾಗಿ ಬರುವುದಿಲ್ಲ. ಹೆಣ್ಣು ನೋಡುವ ಕಡೆಯವರು ಕೇಳಿದರೆ ನಲವತ್ತು. ನಾನು ಮೂರು ಪಗಾರದ ಚಿಂತೆಯಲ್ಲಿದ್ದರೆ ಅವಳ ಬಳಿ ನನಗೆ ಇನ್ನೂ ಎರಡಿದ್ದವು.

ಹೊಸ ಕೆಲಸ ಹುಡುಕುತ್ತಿರುವುದನ್ನು ಅವಳಿಗೆ ಹೇಳಿರಲಿಲ್ಲ. ಸಿಕ್ಕ ಮೇಲೆ ಹೇಳಿದರಾಯಿತು, ಸಿಗದಿದ್ದರೆ ಸುಮ್ಮನೆ ಯಾಕೆ ಮರುಗಿಸುವುದು ಎಂದುಕೊಂಡಿದ್ದೆ.

ನಾಲ್ಕನೆಯ ದಿನ ಮಧ್ಯಾಹ್ನ ಆ ಕಚೇರಿಯವರು ಫೋನ್ ಮಾಡಿದರು. ದನಿಯಲ್ಲಿ ಸ್ವಲ್ಪ ಬೇಸರವಿತ್ತು.

"ಮೇಡಮ್, ನಲವತ್ತು ಅಂತ ಮೊದಲ ಹೇಳೂದಲ್ರಿ? ಅವರ ಬಜೆಟ್ಟ ಎಲ್ಲಾ ಕೂಡಿ ಮೂವತ್ತೈದರ ಮ್ಯಾಲ ಇಲ್ರಿ. ಈಗ ತಗೋಳೂದಕ್ಕಿಂತ ಕಡಿಮಿಗೆ ನೀವ ಯಾಕ ಬರ್ತೀರಿ? ಆದ್ರೂ ಸೋಮವಾರ ಬರ್ರಿ ಅಂದಾರ."

"ನಲವತ್ತು ಅಂತ ಯಾರ ಹೇಳಿದ್ರು?"

"ನಿಮ್ಮ ತಾಯಾರು. ನಿನ್ನಿ ನಿಮ್ಮ ಫೋನ್ ಹತ್ತಲಿಲ್ಲ, ಅವರಿಗೆ ಮಾಡಿದ್ದೆ."

ಫೋನ್ ಹಿಡಿದುಕೊಂಡೇ ಅಡುಗೆಮನೆಗೆ ಹೋದೆ. ಅವ್ವ ಜೋಳದ ಹಿಟ್ಟು ಸಾಣಿಸುತ್ತಿದ್ದಳು.

"ಅವ್ವಾ, ನಿನ್ನಿ ನಿನಗ ಯಾರರ ಫೋನ್ ಮಾಡಿದ್ರೇನ?"

"ಮಾಡಿದ್ರು. ಭಾಳ ಸಂಭಾವಿತ ಮಂದಿ ಅದಾರ. ಹುಕ್ಕೇರಿ ಕಡ್ಯಾವ್ರಂತ. ನಿಮ್ಮ ಮಗಳ ಪಗಾರ ಎಷ್ಟ, ಹುಕ್ಕೇರಿ ಕಡೆ ಬಂದ ಇರ್ತಾರೇನ ಅಂತ ಕೇಳಿದ್ರು. ಇರ್ತಾಳಂತ ಹೇಳೇನಿ." ಸಾಣಿಗೆ ಕೆಳಗಿಟ್ಟು ಮುಖ ಅರಳಿಸಿದಳು. "ನೀ ಒಲ್ಲೆ ಅನಬ್ಯಾಡ ಮತ್ತ. ಪಗಾರ ನಲವತ್ತು ಅಂದೇನಿ, ಮ್ಯಾಲ ಬೋನಸ್ಸು ಅಂದೇನಿ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಒಂದು ದಿನ ಪೂರ್ತಿ ಅವಳು ಮನಸ್ಸಿನಲ್ಲಿ ಹುಕ್ಕೇರಿಯ ಬೀಗರ ಜೊತೆ ಮಾತಾಡಿಕೊಂಡಿದ್ದಳು. ಅದು ಕೆಲಸದ ಫೋನ್ ಎಂದು ನಾನು ಹೇಳಿದಾಗ ಮತ್ತೆ ಸಾಣಿಗೆ ಎತ್ತಿಕೊಂಡಳು. "ಮೊದಲ ಹೇಳಬೇಕಿತ್ತಿಲ್ಲ ನೀ" ಎಂದಷ್ಟೇ ಅಂದಳು. ತಪ್ಪು ನನ್ನದೇ ಎಂದು ಅನಿಸಿತು, ಇವತ್ತಿಗೂ ಹಾಗೆಯೇ ಅನಿಸುತ್ತದೆ.

ಆದರೆ ಅವಳ ತಪ್ಪು ಮಾತಿನಿಂದ ಯಾರೂ ನನಗೆ ಹೇಳದ ಒಂದು ವಿಷಯ ಹೊರಬಿದ್ದಿತ್ತು. ಅವರ ಬಳಿ ಮೂವತ್ತೈದು ಇದೆ. ನಾನು ನೇರವಾಗಿ ಕೇಳಿದ್ದರೆ ಸಾಯುವವರೆಗೂ ಹೇಳುತ್ತಿರಲಿಲ್ಲ. ನನ್ನ ಪಗಾರ ಅವರಿಗೆ ಬೇಕು, ಅವರ ಬಜೆಟ್ಟು ನನಗೆ ಸಿಗಬಾರದು. ಈ ಆಟದ ಒಳಗಿನ ಗಂಟು ಎಲ್ಲಿದೆ ಎಂದು ಮೊದಲ ಬಾರಿ ಕಣ್ಣಿಗೆ ಬಿತ್ತು, ಮತ್ತು ನಿಜ ಹೇಳಬೇಕೆಂದರೆ ಖುಷಿಯೂ ಆಯಿತು.

ಆ ನಲವತ್ತನ್ನು ಹಾಗೆಯೇ ಬಿಟ್ಟುಬಿಡುವ ಆಸೆ ಆಗಲಿಲ್ಲವೆಂದರೆ ಸುಳ್ಳಾದೀತು. ಸೋಮವಾರ ಹೋಗಿ, ನಲವತ್ತು ಬರುತ್ತಿತ್ತು, ನಿಮಗಾಗಿ ಮೂವತ್ತೈದಕ್ಕೆ ಇಳಿಯುತ್ತೇನೆ ಎಂದು ದೊಡ್ಡ ಮನಸ್ಸು ತೋರಿಸಬಹುದಿತ್ತು. ಆದರೆ ಸೇರಿಸಿಕೊಳ್ಳುವಾಗ ಚೀಟಿ ಕೇಳುತ್ತಾರೆ, ಪಿಎಫ್ ಪಾಸ್‌ಬುಕ್ಕಿನಲ್ಲಿ ತಿಂಗಳು ತಿಂಗಳಿನದೂ ಇರುತ್ತದೆ. ಹಳೆಯ ಕೆಲಸ ಬಿಟ್ಟು ಬಂದ ಮೇಲೆ ಸುಳ್ಳು ಹೊರಬಿದ್ದರೆ ಎರಡೂ ಹೋಗುತ್ತವೆ. ಅದಕ್ಕಿಂತ ಹೆಚ್ಚಾಗಿ, ಅಳತೆಯ ಕೆಲಸ ಮಾಡುವವಳು ಸುಳ್ಳು ಅಂಕಿ ಬರೆದು ಲ್ಯಾಬಿನ ಬಾಗಿಲು ಹೊಗುವುದು ನನಗೆ ಸರಿಬರಲಿಲ್ಲ.

ಮರುದಿನ ಗೋಕಾಕಕ್ಕೆ ಹೋಗಿ ಅವರಿಗೆ ನಡೆದದ್ದನ್ನು ಹೇಳಿದೆ. ಅವರು ಹಣೆ ಒತ್ತಿಕೊಂಡರು.

"ಇರಲಿ ಬಿಡ್ರಿ ಮೇಡಮ್, ಕಂಪನಿಗೆ ಆಗಲೇ ಕಳಿಸೇನಿ. ನಲವತ್ತು ಅಂದ್ರ ನಿಮಗ ಛಲೋನ ಅಲ್ರಿ."

"ತಾಯಿ ಹೇಳಿದ್ದು ತಪ್ಪು, ಪಗಾರದ ಮಾತು ಅಭ್ಯರ್ಥಿನ ನೇರ ಆಡ್ತಾರ ಅಂತ ಒಂದ ಮೇಲ್ ಹಾಕ್ರಿ. ನಾ ಇಲ್ಲೇ ಕುಂದರ್ತೇನಿ."

"ಕರ್ಯೂದ ಬಿಟ್ರ?"

"ಬಿಟ್ರ ಬಿಡ್ಲಿ" ಎಂದೆ. ಧೈರ್ಯ ಬಾಯಲ್ಲಿ ಮಾತ್ರ ಇತ್ತು. ಅವರು ಕಳಿಸುವ ಗುಂಡಿ ಒತ್ತುವಾಗ ಕೈ ಹಿಡಿದು ಬೇಡ ಎನ್ನಬೇಕು ಅನಿಸಿತ್ತು. ಆ ಕೆಲಸ ಹೋದರೆ ಮತ್ತೆ ನವೆಂಬರ್ ತನಕ ಹನ್ನೊಂದು ಸಾವಿರ, ಮುಂದಿನ ವರ್ಷವೂ ಅದೇ ಸುತ್ತು.

ಕರೆಯುವುದನ್ನು ಬಿಡಲಿಲ್ಲ. ಸೋಮವಾರ ಬೆಳಗ್ಗೆ ಬಸ್ ಹಿಡಿದು ಹುಕ್ಕೇರಿಗೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಯಮಕನಮರಡಿ ಮುಟ್ಟಿದೆ. ಘಟಕದ ಗೇಟಿನಲ್ಲಿಯೇ ಹುದುಗಿದ ಕಾಕಂಬಿಯ ಹುಳಿ ವಾಸನೆ. ಕೋಣೆಯಲ್ಲಿ ಇಬ್ಬರಿದ್ದರು. ಒಬ್ಬರು ಲ್ಯಾಬಿನ ಮುಖ್ಯಸ್ಥರು, ನರೆತ ಕೂದಲು, ಅಂಗಿಯ ತೋಳಿನ ಮೇಲೆ ಆಸಿಡ್ ಬಿದ್ದ ತೂತು. ಇನ್ನೊಬ್ಬರು ಎಚ್‌ಆರ್ ಸಾಹೇಬರು, ನನಗಿಂತ ನಾಲ್ಕೈದು ವರ್ಷ ದೊಡ್ಡವರು ಇರಬಹುದು, ಮುಂದೆ ಲ್ಯಾಪ್‌ಟಾಪ್.

ಮುಖ್ಯಸ್ಥರು ಅರ್ಧ ತಾಸು ಕೆಲಸದ್ದೇ ಮಾತು ಆಡಿದರು. ಟ್ಯಾಂಕರಿನಲ್ಲಿ ಬಂದ ಕಾಕಂಬಿಯ ಸ್ಯಾಂಪಲ್ ಎಲ್ಲಿಂದ ತೆಗೆಯುತ್ತೀರಿ ಎಂದು ಕೇಳಿದರು. ಮೇಲಿಂದ, ನಡುವಿನಿಂದ, ಅಡಿಯಿಂದ ತೆಗೆದು ಕೂಡಿಸುತ್ತೇನೆ, ಬರೀ ಮೇಲಿನದನ್ನು ನಂಬುವುದಿಲ್ಲ ಎಂದೆ. ಹುದುಗಿನ ತೊಟ್ಟಿಯಲ್ಲಿ ಸಕ್ಕರೆ ಇಳಿದಿದೆ, ಆಲ್ಕೋಹಾಲ್ ಏರಿಲ್ಲ, ಏನು ಅನುಮಾನ ಪಡುತ್ತೀರಿ ಎಂದರು. ಹುದುಗಿಗೆ ಸೋಂಕು ತಗಲಿದೆಯೇ ಎಂದು ಆಮ್ಲ ನೋಡುತ್ತೇನೆ ಎಂದೆ. ಅವರು ಪಕ್ಕಕ್ಕೆ ತಿರುಗಿ "ಇನ್ನ ನಿಮ್ಮದ ನಡಸ್ರಿ" ಎಂದರು.

ಎಚ್‌ಆರ್ ಸಾಹೇಬರು ನೆಟ್ಟಗೆ ಕುಳಿತರು. "ಮೇಡಮ್, ಮೊದಲ ನಲವತ್ತು ಅಂತ ಬಂತು, ಆಮ್ಯಾಲ ತಪ್ಪು ಅಂತ ಬಂತು. ಖರೇ ಎಷ್ಟರಿ?"

"ನಮ್ಮ ತಾಯಿ ಅದನ್ನ ಲಗ್ನದ ಫೋನ್ ಅಂತ ತಿಳಕೊಂಡಿದ್ರು ಸರ್. ವರಗ ಹೇಳೂ ಪಗಾರ ಹೇಳಿಬಿಟ್ಟಾರ."

ಇಬ್ಬರೂ ನಕ್ಕರು. ನಗು ನಿಂತ ಮೇಲೆ ಅವರು ಮತ್ತೆ ಅದೇ ಪ್ರಶ್ನೆಗೆ ಬಂದರು. "ಹಂಗಾದ್ರ ಎಷ್ಟರಿ?"

"ನಂದು ಸೀಜನ್ ಕೆಲಸ ಸರ್. ಸೀಜನ್‌ನಾಗ ಒಂದ, ಮುಗದ ಮ್ಯಾಲ ಒಂದ. ನಿಮ್ಮದು ವರ್ಷಪೂರ್ತಿ ಕೆಲಸ, ಮೂರ ಶಿಫ್ಟ್. ಇದಕ್ಕೂ ಅದಕ್ಕೂ ತಾಳೆ ಆಗಂಗಿಲ್ಲ. ಹನ್ನೆರಡೂ ತಿಂಗಳ ಚೀಟಿ ಈ ಚೀಲದಾಗ ಅದಾವ, ಮುಚ್ಚಿಡಂಗಿಲ್ಲ. ಮೊದಲ ಈ ಕೆಲಸಕ್ಕ ಎಷ್ಟ ಅಂತ ಮಾತಾಡೋಣ, ಆಮ್ಯಾಲ ಎಲ್ಲಾ ಕೊಡ್ತೇನಿ."

"ನಮ್ಮ ಪದ್ಧತಿ ಹಂಗಿಲ್ರಿ. ಮೊದಲ ಈಗಿನ ಪಗಾರ."

"ಅದನ್ನ ತಗೊಂಡ ನೀವೇನ ಅಳೀತೀರಿ ಸರ್?" ನಿಜವಾಗಿಯೂ ತಿಳಿದುಕೊಳ್ಳಬೇಕೆಂದೇ ಕೇಳಿದ್ದೆ. "ನನಗ ಕೆಲಸ ಎಷ್ಟ ಬರತೈತಿ ಅಂತ ಸಾಹೇಬರು ಈಗ ನೋಡಿದ್ರು. ಹಳೇ ಕಂಪನಿ ಎಷ್ಟ ಕೊಟ್ಟೈತಿ ಅನ್ನೂದು ಆ ಕಂಪನಿ ಸುದ್ದಿ ಹೇಳತೈತಿ, ನಂದು ಏನ ಹೇಳತೈತಿ?"

ಎಚ್‌ಆರ್ ಸಾಹೇಬರು ಮುಖ್ಯಸ್ಥರ ಕಡೆ ತಿರುಗಿದರು. ಹೊರಗೆ ಟ್ಯಾಂಕರ್ ಹಿಂದಕ್ಕೆ ತೆಗೆದುಕೊಳ್ಳುವ ಸದ್ದು. ಹೆಚ್ಚಾಯಿತು, ಎದ್ದು ಹೋಗು ಅನ್ನುತ್ತಾರೆ ಎಂದುಕೊಂಡೆ.

ಮಾತಾಡಿದ್ದು ಮುಖ್ಯಸ್ಥರು. ಅವರೂ ಸಕ್ಕರೆ ಕಾರ್ಖಾನೆಯಿಂದಲೇ ಬಂದವರು, ಚೀಲದಲ್ಲಿರುವ ಚೀಟಿಯಲ್ಲಿ ಏನಿದೆ ಎಂದು ನೋಡದೆಯೇ ಗೊತ್ತಿತ್ತು ಅನಿಸುತ್ತದೆ. "ಈಗ ಸೀಜನ್ ಇಲ್ಲ. ಆ ಚೀಟಿ ನೋಡಿ ಏನ ಮಾಡ್ತೀರಿ? ನನಗ ಶಿಫ್ಟಿಗೆ ಮಂದಿ ಬೇಕು. ರೇಟ್ ಹೇಳ್ರಿ" ಎಂದರು.

ಎಚ್‌ಆರ್ ಸಾಹೇಬರು ಮೂವತ್ತು ಎಂದರು. ಅದು ಕೈಗೆ ಬರುವುದೋ, ಕಂಪನಿ ತುಂಬುವ ಪಿಎಫ್, ಗ್ರಾಚ್ಯುಟಿ ಎಲ್ಲ ಸೇರಿಯೋ ಎಂದು ಕೇಳಿದೆ. ಎಲ್ಲ ಸೇರಿ ಎಂದರು. ಹಾಗಾದರೆ ಚೀಟಿಯಲ್ಲಿ ಇಪ್ಪತ್ತೆಂಟೂ ಕಾಣುವುದಿಲ್ಲ ಎಂದು ಅಲ್ಲೇ ಕಾಗದದ ಮೇಲೆ ಬರೆದು ತೋರಿಸಿದೆ. "ನಿಮ್ಮ ಬಜೆಟ್ಟ ಎಲ್ಲಾ ಕೂಡಿ ಮೂವತ್ತೈದು ಐತಂತ ನನಗ ಹೇಳ್ಯಾರ ಸರ್. ನಾ ಚೀಟ್ಯಾಗ ಮೂವತ್ನಾಲ್ಕು ಕೇಳಿದ್ದೆ. ಮೂವತ್ತೆರಡು ಬರೀರಿ, ಪಿಎಫ್ ಎಲ್ಲಾ ಕೂಡಿದ್ರೂ ನಿಮ್ಮ ಮೂವತ್ತೈದು ದಾಟಂಗಿಲ್ಲ." ಯಾರು ಹೇಳಿದರು ಎಂದು ಅವರು ಕೇಳಲಿಲ್ಲ. ಹೊರಗೆ ಹೋಗಿ ಫೋನಿನಲ್ಲಿ ಮಾತಾಡಿ ಬಂದರು. ಮೂವತ್ತೆರಡು ಎಂದರು, ಹನ್ನೆರಡೂ ತಿಂಗಳು.

ಚೀಟಿಗಳನ್ನು ಆಗಲೇ ತೆಗೆದುಕೊಡಲು ಹೋದೆ. ಆಫರ್ ಪತ್ರ ಮೇಲ್‌ನಲ್ಲಿ ಬರುತ್ತದೆ, ಸೇರುವ ದಿನ ಕೊಡಿ ಎಂದರು.

ಸೇರಿದ ದಿನ ಎಚ್‌ಆರ್ ಸಾಹೇಬರ ಮೇಜಿನ ಮುಂದೆ ಕುಳಿತು ಹನ್ನೆರಡೂ ಚೀಟಿ ಕೊಟ್ಟೆ. ಅವರು ಒಂದೊಂದಾಗಿ ತಿರುವಿದರು. ಮೇ, ಜೂನ್, ಜುಲೈ. ಹನ್ನೊಂದು, ಹನ್ನೊಂದು, ಹನ್ನೊಂದು. ನನ್ನ ಮುಖ ನೋಡಿದರು, ಮತ್ತೆ ಚೀಟಿ ನೋಡಿದರು. ಸಿಟ್ಟಿರಲಿಲ್ಲ.

"ಇದನ್ನ ಮೊದಲ ನೋಡಿದ್ರ ಹದಿನಾಲ್ಕು ಬರೀತಿದ್ದೆ ಮೇಡಮ್."

"ಹದಿನಾಲ್ಕ?"

"ಮೂವತ್ತು ಪರ್ಸೆಂಟ್ ಹೆಚ್ಚ ಅಂದ್ರ ಅಷ್ಟ ಆಗತೈತಿ. ನೀವ ಕೇಳಿದ್ರ, ಭಾಳ ಕೊಟ್ಟೇವಿ ಅಂತಿದ್ದೆ. ನನಗೂ ಹಂಗ ಅನಸ್ತಿತ್ತು."

ಅದೇ ಲ್ಯಾಬು, ಅದೇ ಶಿಫ್ಟು, ಅದೇ ನಾನು. ಹದಿನಾಲ್ಕು ಬರೆದಿದ್ದರೆ ನಾನು ಅದಕ್ಕೂ ಥ್ಯಾಂಕ್ಸ್ ಹೇಳಿ ಸಹಿ ಮಾಡುತ್ತಿದ್ದೆ, ಹನ್ನೊಂದಕ್ಕಿಂತ ಹೆಚ್ಚಲ್ಲವೇ ಎಂದು ಬಸ್ಸಿನಲ್ಲಿ ಖುಷಿಪಡುತ್ತಿದ್ದೆ. ಆ ಖುಷಿಯನ್ನು ನೆನೆದು ನನಗೆ ಹೆಚ್ಚು ಹೆದರಿಕೆಯಾಯಿತು.

ಸುಮ್ಮನಿರಬೇಕಿತ್ತು. ಚಟ ಬಿಡಲಿಲ್ಲ. "ಸರ್, ನೀವು ಇಲ್ಲಿಗೆ ಬರೂ ಮುಂದ ನಿಮ್ಮನ್ನೂ ಕೇಳಿದ್ರೇನ್ರಿ?" ಎಂದೆ.

ಅವರು ಚೀಟಿಗಳ ಅಂಚು ಸರಿಮಾಡಿ ಫೈಲಿಗೆ ಸೇರಿಸಿದರು. "ಕೇಳೂ ಮೊದಲ ಹೇಳಿದ್ದೆ ನಾ" ಎಂದರು. ಆಮೇಲೆ ಮೆಲ್ಲಗೆ, "ನೀವು ನನಗಿಂತ ಮೂರ ಸಾವಿರ ಹೆಚ್ಚ ತಗೋತೀರಿ" ಎಂದು ಹೇಳಿ, ಸಹಿ ಮಾಡಬೇಕಾದ ಕಾಗದವನ್ನು ನನ್ನ ಕಡೆ ತಿರುಗಿಸಿದರು.